ಬಿಳಿ ಮಣ್ಣಿನ ಮಾದರಿಗೆ ಕಮಲಾಪುರದ ಬಿಸಿಲು

ಪ್ರಶ್ನೆ: ಕಮಲಾಪುರಕ್ಕೊಂದು ಎರಡಂತಸ್ತಿನ ಗ್ರಂಥಾಲಯ ಕಲ್ಪಿಸಿ, 1:100 ಅಳತೆಯಲ್ಲಿ ಬಿಳಿ ಜೇಡಿಮಣ್ಣಿನ ಮಾದರಿ ಮಾಡಿದ್ದೇನೆ. ಅದರ ಫೋಟೊ ಆಧರಿಸಿ ಬ್ಲೆಂಡರ್‌ನಲ್ಲಿ ಹಗಲಿನ ನೋಟ ತಯಾರಿಸಿದೆ. ಕಲ್ಲು, ಗಾಜು, ಆಕಾಶ ಎಲ್ಲ ಇದ್ದರೂ ಆಟಿಕೆಯಂತೆ ಕಾಣುತ್ತದೆ. ಏಕೆ?
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನೀವು ಕಳಿಸಿದ ಫೋಟೊವನ್ನು ಮೇಜಿನ ಪಕ್ಕ ನಿಂತು, ಮೇಲಿನಿಂದ ತೆಗೆದಿದ್ದೀರಿ. ನಿಮ್ಮ ಅಳತೆಯಲ್ಲಿ ಅರ್ಧ ಮೀಟರ್ ಎತ್ತರವೆಂದರೆ ಐವತ್ತು ಮೀಟರ್. ಆ ಎತ್ತರದಿಂದ ಕಟ್ಟಡ ನೋಡುವವರು ಯಾರು? ರಸ್ತೆಯಲ್ಲಿ ನಿಂತವರ ಕಣ್ಣು ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಮಾದರಿಯಲ್ಲಿ 1.6 ಸೆಂಟಿಮೀಟರ್. ಮೊಬೈಲನ್ನು ತಲೆಕೆಳಗಾಗಿಸಿ ಹಿಡಿದರೆ ಲೆನ್ಸ್ ಮೇಜಿಗೆ ಅಷ್ಟು ಹತ್ತಿರ ಬರುತ್ತದೆ. ಅರ್ಧ ಮೀಟರ್ ದೂರ ಸರಿದು ಜೂಮ್ ಮಾಡಿ, ಮಾದರಿಯ ಹಿಂದು ಮುಂದು ಎರಡೂ ಸ್ಪಷ್ಟವಾಗಿರಲಿ. ನೇರ ದೀಪ ಬೇಡ, ಕಿಟಕಿಯ ಮೃದು ಬೆಳಕು ಸಾಕು.

ಆ ಫೋಟೊವನ್ನು ಕತ್ತರಿಸದೆ fSpyಗೆ ಕೊಡಿ. ಚಿತ್ರದ ನಡುಬಿಂದುವೇ ಲೆನ್ಸಿನ ನಡುಬಿಂದು ಎಂದು ಅದು ಎಣಿಸುವುದರಿಂದ, ಒಂದು ಬದಿ ಕತ್ತರಿಸಿದರೆ ಲೆಕ್ಕ ತಪ್ಪುತ್ತದೆ. ಕೈಯಿಂದ ತಿದ್ದಿದ ಮಣ್ಣಿನ ಅಂಚುಗಳು ದುಂಡಗಿರುತ್ತವೆ. ಗೆರೆಗಳನ್ನು ಆದಷ್ಟು ಕೆಳಗಿನ ಹಲಗೆಯ ನೇರ ಅಂಚಿಗೆ ಹೊಂದಿಸಿ. ಗೊತ್ತಿರುವ ಒಂದು ಉದ್ದವನ್ನೂ ನಿಜ ಅಳತೆಯಲ್ಲಿ ಕೊಟ್ಟರೆ ಬ್ಲೆಂಡರ್‌ನಲ್ಲಿ ಕ್ಯಾಮೆರಾ ಸರಿಯಾದ ಜಾಗಕ್ಕೆ ಬರುತ್ತದೆ. ಕಟ್ಟಡವನ್ನು ಆ ಫೋಟೊದ ಮೇಲೆಯೇ ನಿಜ ಅಳತೆಯಲ್ಲಿ ಕಟ್ಟಿ.

ಇನ್ನು ಬಿಸಿಲು. ನಿಮ್ಮ ಚಿತ್ರದ ಸೂರ್ಯ ಯಾವ ಊರಿನವನೂ ಅಲ್ಲ. Sun Positionನಲ್ಲಿ ಕಲಬುರಗಿಯ ಅಕ್ಷಾಂಶ 17.33, ರೇಖಾಂಶ 76.83, ಸಮಯ ವಲಯ 5.5 ಎಂದು ತುಂಬಿ, ಉತ್ತರ ದಿಕ್ಕು ಹೊಂದಿಸಿ. ಕಮಲಾಪುರಕ್ಕೂ ಇದೇ ಸಾಕು. ಬಳಿಕ ನೆರಳು ಅಳೆಯಿರಿ. ಡಿಸೆಂಬರ್ 21ರಂದು ಇಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು 12 ಗಂಟೆ 20 ನಿಮಿಷದ ಸುಮಾರಿಗೆ, ಆಗ ಎತ್ತರ 49 ಡಿಗ್ರಿ. ದಕ್ಷಿಣ ಗೋಡೆಯ 60 ಸೆಂಟಿಮೀಟರ್ ಸಜ್ಜಾ ಕೆಳಗೆ ಸುಮಾರು 70 ಸೆಂಟಿಮೀಟರ್ ನೆರಳು ಬೀಳಬೇಕು. ಮಾರ್ಚ್ 21ಕ್ಕೆ ಅದೇ ನೆರಳು 1.9 ಮೀಟರ್‌ಗೆ ಇಳಿಯುತ್ತದೆ. ಜೂನ್ ನಡುಹಗಲಲ್ಲಿ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುವುದರಿಂದ ಆ ಗೋಡೆಗೆ ನೇರ ಬಿಸಿಲೇ ಇಲ್ಲ. ನೆರಳು ಹೀಗೆ ಬೀಳದಿದ್ದರೆ ದಿಕ್ಕೋ ಸಮಯವೋ ತಪ್ಪಿದೆ ಎಂದೇ ಅರ್ಥ.

ಪ್ರಶ್ನೆ: ಗೋಡೆಗೆ ಶಹಾಬಾದ್ ಕಲ್ಲು ಹಾಕಿದರೆ ಪ್ಲಾಸ್ಟಿಕ್‌ನಂತೆ ಕಾಣುತ್ತದಲ್ಲ?
— ಓದುಗರು, ಕಮಲಾಪುರ

ಉತ್ತರ: ಹೊಳಪು ತಗ್ಗಿಸಿ, ಅದಕ್ಕೂ ಮೊದಲು ಕಲ್ಲಿನ ಅಳತೆ ನೋಡಿ. ಎರಡಡಿ ಕಲ್ಲಾದರೆ 3.3 ಮೀಟರ್ ಅಂತಸ್ತಿಗೆ ಐದು ಸಾಲು ದಾಟಬೇಕು. ಎರಡೇ ಸಾಲು ಕಂಡರೆ ಇಡೀ ಕಟ್ಟಡ ಗೂಡಂಗಡಿಯಷ್ಟಾಗುತ್ತದೆ. ಅಂತರ್ಜಾಲದ ಕಲ್ಲಿನ ಚಿತ್ರ ಬಿಟ್ಟು, ನಿಮ್ಮ ಮನೆಯಂಗಳದ ಫರಸಿಯನ್ನೇ ನೆರಳಿನಲ್ಲಿ, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಸುಣ್ಣದ ಗೋಡೆಗೂ ಅಚ್ಚ ಬಿಳಿ ಕೊಡಬೇಡಿ. ಬಣ್ಣದ ಮೌಲ್ಯ 0.8 ದಾಟಿದರೆ ಬಿಸಿಲಿನಲ್ಲಿ ಗೋಡೆಯ ವಿವರವೆಲ್ಲ ಅಳಿಸಿಹೋಗುತ್ತದೆ. ಇಷ್ಟು ಸರಿಬಂದ ಮೇಲೆಯೇ ಮರ, ಜನ, ವಾಹನ ಸೇರಿಸಿ.