ರೆಫರಲ್ ಬೋನಸ್ ಕೈಗೆ ಬರಬೇಕಾದರೆ: ಏಳು ಸೂತ್ರಗಳು

ನಮ್ಮ ಕೆಂಗೇರಿ ಕಚೇರಿಯಲ್ಲಿ ಈಗ ಐದು ಹುದ್ದೆ ಖಾಲಿ ಇವೆ. ನಾಲ್ಕರಿಂದ ಏಳು ವರ್ಷ ಅನುಭವದ ಇಬ್ಬರು ಜಾವಾ ಡೆವಲಪರ್‌ಗಳು, ಒಬ್ಬ ಆಟೊಮೇಷನ್ ಟೆಸ್ಟರ್, ವೆಂಡರ್ ಬಿಲ್ಲು ನೋಡಿಕೊಳ್ಳುವ ಒಬ್ಬ ಅಕೌಂಟ್ಸ್ ಎಕ್ಸಿಕ್ಯುಟಿವ್, ಕನ್ನಡ ಚೆನ್ನಾಗಿ ಮಾತಾಡಬಲ್ಲ ಒಬ್ಬ ಸಪೋರ್ಟ್ ಟೀಮ್ ಲೀಡ್ ಬೇಕು. ಡೆವಲಪರ್ ಹುದ್ದೆಗೆ ರೆಫರಲ್ ಬೋನಸ್ 50,000 ರೂಪಾಯಿ, ಟೆಸ್ಟರ್‌ಗೆ 30,000, ಉಳಿದ ಎರಡಕ್ಕೆ ತಲಾ 15,000. ಈ ಹಣ ತಪ್ಪಿಹೋಗುವುದು ಹೆಚ್ಚಾಗಿ ಕ್ರಮ ತಪ್ಪಿದಾಗ. ಅದಕ್ಕೇ ಮೊದಲಿನಿಂದ ಕೊನೆಯವರೆಗಿನ ದಾರಿಯನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ಮೊದಲು ಹುದ್ದೆ ಓದಿ, ಆಮೇಲೆ ಹೆಸರು ಯೋಚಿಸಿ.
ಪ್ರತಿ ಹುದ್ದೆಯ ವಿವರದಲ್ಲಿ ‘ಇರಲೇಬೇಕು’ ಎಂಬ ಪಟ್ಟಿ ಬೇರೆ, ‘ಇದ್ದರೆ ಒಳ್ಳೆಯದು’ ಎಂಬ ಪಟ್ಟಿ ಬೇರೆ. ಮೊದಲನೆಯದರಲ್ಲಿ ಒಂದು ಅಂಶ ಇಲ್ಲದಿದ್ದರೂ ರೆಸ್ಯೂಮೆ ಮೊದಲ ಸುತ್ತಿನಲ್ಲೇ ನಿಲ್ಲುತ್ತದೆ. ಎರಡನೆಯದರಲ್ಲಿ ಅರ್ಧ ಇಲ್ಲದಿದ್ದರೂ ಅಡ್ಡಿಯಿಲ್ಲ. ಜೊತೆಗೆ ಕೆಲಸ ಮಾಡಿದವರು, ಕಾಲೇಜಿನ ಜೂನಿಯರ್‌ಗಳು, ಹಳೆಯ ಕಂಪನಿಯ ಟೀಮಿನವರು ಮೊದಲು ನೆನಪಾಗಲಿ. ಅವರ ಕೆಲಸವನ್ನು ನೀವು ಕಣ್ಣಾರೆ ಕಂಡಿರುತ್ತೀರಿ.

2. ಹೆಸರು ಕೊಡುವ ಮುಂಚೆ ಎರಡು ಮಾತು ಕೇಳಿ.
‘ನಿಮ್ಮ ಹೆಸರು ಕೊಡಲಾ?’ ಎಂಬುದು ಮೊದಲನೆಯದು. ಒಪ್ಪಿಗೆಯಿಲ್ಲದೆ ಯಾರ ಫೋನ್ ನಂಬರನ್ನೂ ಪೋರ್ಟಲ್‌ಗೆ ಹಾಕಬಾರದು. ‘ನಮ್ಮ ಕಂಪನಿಗೆ ಈಚೆಗೆ ಅರ್ಜಿ ಹಾಕಿದ್ದೀರಾ, ಯಾವುದಾದರೂ ಕನ್ಸಲ್ಟೆನ್ಸಿಗೆ ರೆಸ್ಯೂಮೆ ಕೊಟ್ಟಿದ್ದೀರಾ?’ ಎಂಬುದು ಎರಡನೆಯದು. ನಮ್ಮ ಸಿಸ್ಟಮ್ ಇಮೇಲ್ ಮತ್ತು ಫೋನ್ ನಂಬರ್ ಹೊಂದಿಸಿ ನೋಡುತ್ತದೆ. ಕಳೆದ ಆರು ತಿಂಗಳಲ್ಲಿ ಅದೇ ನಂಬರ್ ಬೇರೆ ದಾರಿಯಿಂದ ಬಂದಿದ್ದರೆ ನಿಮ್ಮ ಎಂಟ್ರಿಯ ಪಕ್ಕ ‘ಡೂಪ್ಲಿಕೇಟ್’ ಎಂದು ತೋರಿಸುತ್ತದೆ. ಆಗ ಅವರಿಗೆ ಕೆಲಸ ಸಿಗಬಹುದು, ಬೋನಸ್ ಮಾತ್ರ ನಿಮಗೆ ಬರುವುದಿಲ್ಲ. ಕನ್ಸಲ್ಟೆನ್ಸಿ ಮೂಲಕ ಬಂದಿದ್ದರೆ ಕಂಪನಿ ಅವರಿಗೆ ಫೀಸು ಕಟ್ಟಬೇಕಾಗುತ್ತದೆ, ಒಬ್ಬರ ನೇಮಕಕ್ಕೆ ಎರಡು ಕಡೆ ಹಣ ಕೊಡುವುದಿಲ್ಲ.

3. ಎಂಟ್ರಿ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.
ರೆಸ್ಯೂಮೆಯನ್ನು ಮ್ಯಾನೇಜರ್‌ಗೆ ವಾಟ್ಸ್ಆ್ಯಪ್ ಮಾಡಿದರೆ, ಎಚ್ಆರ್‌ನವರಿಗೆ ಮೇಲ್ ಹಾಕಿದರೆ ಅದು ರೆಫರಲ್ ಅಲ್ಲ. ಪೋರ್ಟಲ್‌ನಲ್ಲಿ ಹುದ್ದೆಯ ಕೋಡ್ ಆರಿಸಿ, ರೆಸ್ಯೂಮೆ ಹಾಕಿ, ಸಲ್ಲಿಸಿದ ಮೇಲೆ ಬರುವ ಉಲ್ಲೇಖ ಸಂಖ್ಯೆಯೇ ನಿಮ್ಮ ಹಕ್ಕಿನ ದಾಖಲೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಬ್ಬರನ್ನೇ ಇಬ್ಬರು ರೆಫರ್ ಮಾಡಿದರೆ ಯಾರ ಎಂಟ್ರಿಯ ಸಮಯ ಮುಂಚಿನದೋ ಅವರಿಗೇ ಬೋನಸ್. ನಿಮ್ಮ ಎಂಟ್ರಿ ಆರು ತಿಂಗಳು ಜೀವಂತ ಇರುತ್ತದೆ. ಆ ಅವಧಿಯಲ್ಲಿ ಅವರು ಬೇರೆ ಹುದ್ದೆಗೆ ಆಯ್ಕೆಯಾದರೂ ಹಣ ನಿಮ್ಮದೇ.

4. ‘ಒಳ್ಳೆಯ ಹುಡುಗ’ ಎಂದು ಬರೆಯಬೇಡಿ.
ಎಂಟ್ರಿಯಲ್ಲಿ ಶಿಫಾರಸಿಗೆ ಒಂದು ಪುಟ್ಟ ಜಾಗವಿದೆ. ‘ತುಂಬ ಪರಿಶ್ರಮಿ, ಟೀಮ್ ಪ್ಲೇಯರ್’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: ‘ಹಿಂದಿನ ಕಂಪನಿಯಲ್ಲಿ ಎರಡು ವರ್ಷ ಒಂದೇ ಟೀಮಿನಲ್ಲಿದ್ದೆವು. ಪೇಮೆಂಟ್ ಸರ್ವಿಸ್ ಪೂರ್ತಿ ಇವರೇ ನೋಡಿಕೊಳ್ಳುತ್ತಿದ್ದರು. ರಾತ್ರಿ ಸಮಸ್ಯೆ ಬಂದಾಗ ಲಾಗ್ ನೋಡಿ ಕಾರಣ ಹಿಡಿಯುವುದರಲ್ಲಿ ಗಟ್ಟಿ. ಫ್ರಂಟ್‌ಎಂಡ್ ಅನುಭವ ಕಡಿಮೆ.’ ಕೊನೆಯ ವಾಕ್ಯ ಬಿಡಬೇಡಿ. ಇಲ್ಲದ್ದನ್ನು ಇಲ್ಲ ಎಂದು ಬರೆದರೆ ಇದೆ ಎಂದದ್ದನ್ನು ಮ್ಯಾನೇಜರ್ ನಂಬುತ್ತಾರೆ.

5. ನೋಟಿಸ್ ಪೀರಿಯಡ್ಡೂ ಓಡಾಟವೂ ಮೊದಲೇ ಮಾತಾಡಿ.
ಆಫರ್ ಸಿಕ್ಕಮೇಲೆ ಸೇರದೆ ಉಳಿಯುವವರು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್‌ನಲ್ಲಿರುವಾಗ ಬೇರೆ ಆಫರ್ ಹಿಡಿಯುತ್ತಾರೆ. ನೋಟಿಸ್ ಎಷ್ಟು ದಿನ, ಹಣ ಕಟ್ಟಿ ಬೇಗ ಬಿಡಿಸಿಕೊಳ್ಳಬಹುದೇ ಎಂದು ಎಂಟ್ರಿಯಲ್ಲೇ ಬರೆಯಿರಿ. ಓಡಾಟದ ವಿಷಯದಲ್ಲಿ ನಮ್ಮ ಭಾಗದವರಿಗೆ ಹೇಳಲು ನಮ್ಮ ಹತ್ತಿರ ಒಳ್ಳೆಯ ಮಾತಿದೆ. ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಹೋಯಿತು. ಬಸವೇಶ್ವರನಗರದವರು ವಿಜಯನಗರದಲ್ಲಿ ಹತ್ತಿದರೆ ಎಲ್ಲೂ ರೈಲು ಬದಲಿಸದೆ ಕೆಂಗೇರಿಗೆ ಬರಬಹುದು. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಒಂದು ಸಲ ಬದಲಿಸಿದರೆ ಸಾಕು. ದಿನಾ ವೈಟ್‌ಫೀಲ್ಡ್‌ಗೆ ಹೋಗಿಬರುವ ಗೆಳೆಯರು ಈ ದಾರಿಯನ್ನು ಲೆಕ್ಕ ಹಾಕಿ ನೋಡಲಿ.

6. ಹಣ ಬರುವ ತಿಂಗಳನ್ನು ನೀವೇ ಲೆಕ್ಕ ಹಾಕಿ.
ಬೋನಸ್ ಎರಡು ಕಂತಿನಲ್ಲಿ ಬರುತ್ತದೆ. ಹೊಸಬರು 90 ದಿನ ಪೂರೈಸಿದ ಮೇಲೆ ಅರ್ಧ, 180 ದಿನ ಪೂರೈಸಿದ ಮೇಲೆ ಇನ್ನರ್ಧ. ಸಂಬಳದ ಲೆಕ್ಕ ಪ್ರತಿ ತಿಂಗಳು 20ಕ್ಕೆ ಮುಚ್ಚುತ್ತದೆ. ನಿಮ್ಮ ಗೆಳತಿ ಸೆಪ್ಟೆಂಬರ್ 1ಕ್ಕೆ ಡೆವಲಪರ್ ಆಗಿ ಸೇರಿದರು ಎನ್ನೋಣ. 90ನೇ ದಿನ ನವೆಂಬರ್ 29. ಅಷ್ಟರಲ್ಲಿ 20 ದಾಟಿರುವುದರಿಂದ ಮೊದಲ 25,000 ಡಿಸೆಂಬರ್ ಸಂಬಳದ ಜೊತೆ ಬರುತ್ತದೆ. 180ನೇ ದಿನ ಫೆಬ್ರುವರಿ 27, ಹಾಗಾಗಿ ಎರಡನೆಯ ಕಂತು ಮಾರ್ಚ್ ಸಂಬಳಕ್ಕೆ. ಆ ದಿನ ನೀವಿಬ್ಬರೂ ಕೆಲಸದಲ್ಲಿರಬೇಕು, ಇಬ್ಬರಲ್ಲಿ ಯಾರೂ ರಾಜೀನಾಮೆ ಕೊಟ್ಟಿರಬಾರದು. ಮ್ಯಾನೇಜರ್‌ಗಳು ತಮ್ಮದೇ ಟೀಮಿಗೆ ಮಾಡಿದ ರೆಫರಲ್‌ಗೂ ನೇಮಕಾತಿ ವಿಭಾಗದವರಿಗೂ ಬೋನಸ್ ಇಲ್ಲ.

7. ತೆರಿಗೆ ಕಳೆದ ಮೇಲಿನ ಮೊತ್ತ ತಿಳಿದಿರಲಿ.
ರೆಫರಲ್ ಬೋನಸ್ ಉಡುಗೊರೆಯಲ್ಲ, ಸಂಬಳದ ಭಾಗ. ನಿಮ್ಮ ಸ್ಲ್ಯಾಬಿನ ಪ್ರಕಾರವೇ ಟಿಡಿಎಸ್ ಕಡಿತವಾಗುತ್ತದೆ. 2025ರ ಬಜೆಟ್ ತಂದ ಹೊಸ ಪದ್ಧತಿಯ ದರದಲ್ಲಿ ನೋಡಿ. ವಾರ್ಷಿಕ ಸಂಬಳ 16 ಲಕ್ಷ ಇರುವವರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ತೆರಿಗೆಯ ಆದಾಯ 15.25 ಲಕ್ಷ. ಮೇಲಿನ 50,000ಕ್ಕೆ ಶೇ 15 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 7,800. ಕೈಗೆ ಸಿಗುವುದು 42,200.

ಸಂಬಳ ಸುಮಾರು 12.75 ಲಕ್ಷ ಇರುವವರು ಮಾತ್ರ ಎಚ್ಚರದಿಂದಿರಿ. ಅಲ್ಲಿಯವರೆಗೆ ರಿಯಾಯಿತಿಯಿಂದ ತೆರಿಗೆ ಸೊನ್ನೆ. 50,000 ಸೇರಿದ ತಕ್ಷಣ ತೆರಿಗೆಯ ಆದಾಯ 12.5 ಲಕ್ಷವಾಗಿ, ರಿಯಾಯಿತಿ ತಪ್ಪುತ್ತದೆ. ಮಿತಿ ಮೀರಿದಷ್ಟು ಹಣಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ನಿಯಮವಿದ್ದರೂ 50,000 ತೆರಿಗೆಗೆ ಸೆಸ್ ಸೇರಿ 52,000 ಆಗುತ್ತದೆ. ಅಂದರೆ ಇಡೀ ಬೋನಸ್ ತೆರಿಗೆಗೇ ಹೋಗುತ್ತದೆ. ಕಂಪನಿಯ ಕಡೆಯಿಂದ ಎನ್‌ಪಿಎಸ್‌ಗೆ ಹೋಗುವ ಪಾಲಿಗೆ, ಮೂಲ ವೇತನದ ಶೇ 14ರವರೆಗೆ, ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ಈ ಅಂಚಿನಲ್ಲಿರುವವರು ನಿಮ್ಮ ಸಂಬಳದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲ ಕಂತು ಬರುವ ಮುಂಚೆಯೇ ಪೇರೋಲ್‌ನಲ್ಲಿ ವಿಚಾರಿಸಿ.

ರೆಫರ್ ಮಾಡಿಸಿಕೊಳ್ಳುವವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ, ಬೋನಸ್‌ನಲ್ಲಿ ಪಾಲು ಕೊಡುತ್ತೇನೆಂದು ಮಾತೂ ಕೊಡಬೇಡಿ. ಎರಡೂ ನೀತಿಸಂಹಿತೆಯ ಉಲ್ಲಂಘನೆ. ಈ ಐದು ಹುದ್ದೆಗಳಿಗೆ ಪೋರ್ಟಲ್ ಈ ತಿಂಗಳ ಕೊನೆಯ ಶುಕ್ರವಾರದವರೆಗೆ ತೆರೆದಿರುತ್ತದೆ. ಎಂಟ್ರಿ ಹಾಕಿ ಎರಡು ವಾರವಾದರೂ ‘ಪರಿಶೀಲನೆಯಲ್ಲಿದೆ’ ಎಂದೇ ತೋರಿಸುತ್ತಿದ್ದರೆ ಉಲ್ಲೇಖ ಸಂಖ್ಯೆ ಹಿಡಿದು ನೇಮಕಾತಿ ವಿಭಾಗದವರನ್ನು ಕೇಳಿ, ಉತ್ತರ ಏನೇ ಬಂದರೂ ಅದೇ ದಿನ ನಿಮ್ಮ ಗೆಳೆಯರಿಗೆ ತಿಳಿಸಿ.