ದೀಪವೇ ಹತ್ತದ ಲ್ಯಾಪ್‌ಟಾಪ್

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಮಗಳ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಒಂದು ದೀಪವೂ ಹತ್ತುವುದಿಲ್ಲ. ನಂಜನಗೂಡಿನ ಅಂಗಡಿಯೊಂದರಲ್ಲಿ ಬಿಚ್ಚಿ ನೋಡದೆಯೇ ‘ಬೋರ್ಡ್ ಹೋಗಿದೆ’ ಎಂದರು. ಹೊಸದು ಕೊಳ್ಳಬೇಕೇ?
– ಓದುಗರು, ತಿ. ನರಸೀಪುರ

ಉತ್ತರ: ಈಗಲೇ ಬೇಡ. ಕರೆಂಟ್ ಏರುಪೇರಿನ ಮೊದಲ ಪೆಟ್ಟು ಸಾಮಾನ್ಯವಾಗಿ ಚಾರ್ಜರ್‌ಗೆ. ಅದರ ಮೇಲೆ ‘Output 19.5V’ ಎಂಬಂತೆ ಬರೆದಿರುತ್ತದೆ. ನಿಮ್ಮೂರಿನ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇದ್ದೇ ಇರುತ್ತದೆ. ದುಂಡು ಪಿನ್‌ನಲ್ಲಿ ಅಷ್ಟು ವೋಲ್ಟ್ ಬರುತ್ತಿದೆಯೇ ಎಂದು ನೋಡಿಸಿ. ಸೊನ್ನೆ ಬಂದರೆ ಚಾರ್ಜರೇ ಕೆಟ್ಟಿದೆ. ಯುಎಸ್‌ಬಿ-ಸಿ ಚಾರ್ಜರ್ ಆದರೆ ಈ ಅಳತೆ ನಂಬಬೇಡಿ, ಅದೇ ವ್ಯಾಟಿನ ಬೇರೊಂದನ್ನು ಹಾಕಿ ನೋಡಿ.

ವೋಲ್ಟೇಜ್ ಸರಿಯಿದ್ದರೆ ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ ನೋಡಿ. ಆಗಲೂ ಆಗದಿದ್ದರೆ, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನು ತೆಗೆದು, ಬರೀ ಚಾರ್ಜರ್‌ನಲ್ಲಿ ಆನ್ ಮಾಡಿ. ಹತ್ತಿತೇ? ತಪ್ಪು ಬ್ಯಾಟರಿಯದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಹಾಕಲೇಬೇಡಿ.

ಇನ್ನೊಂದು ಗುರುತು ನನಗೆ ಬಹಳ ಸಲ ಕೆಲಸಕ್ಕೆ ಬಂದಿದೆ. ಚಾರ್ಜರ್‌ನಲ್ಲೇ ಪುಟ್ಟ ದೀಪವಿದ್ದು, ಪಿನ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಕೂಡಲೇ ಅದು ಆರಿ, ಕಿತ್ತ ಮೇಲೆ ಮತ್ತೆ ಹತ್ತಿದರೆ, ಒಳಗೆ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ದೀಪ ಆರದೆಯೂ ಯಂತ್ರ ಸತ್ತಂತಿದ್ದರೆ ಚಾರ್ಜಿಂಗ್ ಸಾಕೆಟ್ ಅಥವಾ ಬೋರ್ಡ್.

ಆಗ ಮೈಸೂರಿನಲ್ಲಿ ಚಿಪ್ ಮಟ್ಟದ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ವಾರಂಟಿ ಇದ್ದರೆ ಕಂಪನಿ ಸರ್ವೀಸ್‌ಗೇ ಕೊಡಿ, ಹೊರಗೆ ಬಿಚ್ಚಿಸಬೇಡಿ. ಕೊಡುವ ಮುಂಚೆ ಖರ್ಚು ಕೇಳಿ ಬರೆಸಿಕೊಳ್ಳಿ. ಮಗಳ ಫೈಲುಗಳು ಡಿಸ್ಕ್‌ನಲ್ಲಿವೆ. ಅದು ಬೋರ್ಡಿಗೆ ಬೆಸೆದಿರದಿದ್ದರೆ ಬಿಚ್ಚಿ ತೆಗೆಸಬಹುದು.