ಸಂಬಳ ಚೀಟಿಯಲ್ಲಿ ತಾಳೆಯಾಗದ 982 ರೂಪಾಯಿ



ತಿಂಗಳ ಮೊದಲ ವಾರ ಬ್ಯಾಂಕಿನಿಂದ ಮೊಬೈಲಿಗೆ ಮೆಸೇಜು ಬರುತ್ತದೆ. ಮೊತ್ತ ಕಡಿಮೆ ಇದ್ದರೆ "ಏನೇನೋ ಹಿಡ್ಕೊಂಡಿರ್ತಾರೆ ಬಿಡು" ಅಂತ ಸುಮ್ಮನಾಗುತ್ತೇವೆ. ಆದರೆ ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ನಾವು ಸಭೆ ಮುಗಿಸುವುದಿಲ್ಲ. ಸಂಬಳ ಚೀಟಿಯನ್ನೂ ಹಾಗೆಯೇ ತಾಳೆ ನೋಡಬಹುದು. ಅದು ಹೇಗೆಂದು ಈ ಪಾಠದಲ್ಲಿ ಕಲಿಯೋಣ.

ತುಮಕೂರಿನ ಸದಾಶಿವನಗರದ ಒಂದು ಸಂಘದ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಾರೆ. ಒಂದು ತಿಂಗಳು ಸಂಘದ ಸಾಲದ ಕಂತು 1,000 ರೂಪಾಯಿ ಕಟ್ಟಲಾಗಲಿಲ್ಲ. "ಸಂಬಳವೇ ಕಡಿಮೆ ಬಂತು" ಎಂದರೆ ಯಾರೂ ನಂಬಲಿಲ್ಲ. ಆಗ ಎರಡು ತಿಂಗಳ ಚೀಟಿಗಳನ್ನು ತರಿಸಿ ಅಕ್ಕಪಕ್ಕ ಇಟ್ಟು ನೋಡಿದೆವು. ಲೆಕ್ಕ ಸುಲಭವಾಗಲೆಂದು ಇಲ್ಲಿ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇವೆ.

ಹಿಂದಿನ ತಿಂಗಳ ಚೀಟಿ (26 ದಿನ ಹಾಜರಿ)
ಮೂಲ ವೇತನ ಮತ್ತು ತುಟ್ಟಿಭತ್ಯೆ: 13,000
ಹಾಜರಿ ಬೋನಸ್: 600
ಒಟ್ಟು: 13,600
ಪಿ.ಎಫ್. ಕಡಿತ: 1,560
ಇ.ಎಸ್.ಐ. ಕಡಿತ: 102
ಕೈಗೆ ಬಂದದ್ದು: 11,938

ಈ ತಿಂಗಳ ಚೀಟಿ (25 ದಿನ ಹಾಜರಿ)
ಮೂಲ ವೇತನ ಮತ್ತು ತುಟ್ಟಿಭತ್ಯೆ: 12,500
ಹಾಜರಿ ಬೋನಸ್: ಇಲ್ಲ
ಒಟ್ಟು: 12,500
ಪಿ.ಎಫ್. ಕಡಿತ: 1,500
ಇ.ಎಸ್.ಐ. ಕಡಿತ: 94
ಇತರೆ ಕಡಿತ: 450
ಕೈಗೆ ಬಂದದ್ದು: 10,456

ಮಗುವಿಗೆ ಜ್ವರವೆಂದು ಅಕ್ಕ ಒಂದು ದಿನ ರಜೆ ಹಾಕಿದ್ದರು. 13,000ವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಅದಕ್ಕೇ 11,438 ರೂಪಾಯಿ ಬರುತ್ತದೆಂದು ಅವರು ಕಾದಿದ್ದರು. ಬಂದದ್ದು 10,456. ವ್ಯತ್ಯಾಸ 982.

ಮೊದಲು ಸಂಪಾದನೆಯ ಭಾಗ ನೋಡಿ

ಹಣ ಕಡಿಮೆ ಬಂದ ಕೂಡಲೇ ನಮ್ಮ ಕಣ್ಣು ಕಡಿತದ ಕಡೆಗೇ ಹೋಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ಸಂಪಾದನೆಯ ಭಾಗ. ಚೀಟಿಯಲ್ಲಿ 25 ದಿನ ಹಾಜರಿ ಎಂದಿದೆ. ಅಕ್ಕನ ಲೆಕ್ಕಕ್ಕೆ ಅದು ಸರಿ. ಒಂದು ದಿನದ 500 ಹೋಗಿದೆ, ಅದೂ ಸರಿ. ಆದರೆ ಹಾಜರಿ ಬೋನಸ್ಸಿನ ಸಾಲು ಖಾಲಿ. ಒಂದು ದಿನ ತಪ್ಪಿದರೂ ಪೂರ್ತಿ ಬೋನಸ್ ಇಲ್ಲ ಎಂಬುದು ಆ ಕಾರ್ಖಾನೆಯ ನಿಯಮ. ಅಕ್ಕನಿಗೆ ಅದು ಮರೆತೇಹೋಗಿತ್ತು. ಇದು ಕಡಿತವಲ್ಲ, ಆದ್ದರಿಂದ ಕಡಿತದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಆ ತಿಂಗಳ ಚೀಟಿಯ ಮೇಲ್ಭಾಗವನ್ನು ವಿಶೇಷವಾಗಿ ನೋಡಿ. 2020ರ ಏಪ್ರಿಲ್‌ನಲ್ಲಿ ಹೆಚ್ಚಾಗಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ಕರ್ನಾಟಕದ ಬಹಳಷ್ಟು ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಕಾಲಕ್ಕೆ ಸಿಗಲಿಲ್ಲ. ಆಗಲೂ ಕಡಿತದ ಪಟ್ಟಿಯಲ್ಲಿ ಏನೂ ಕಾಣಿಸುತ್ತಿರಲಿಲ್ಲ.

ಆಮೇಲೆ ಕಾನೂನಿನ ಕಡಿತಗಳು

ಈ ಕಾರ್ಖಾನೆಯಲ್ಲಿ ಪಿ.ಎಫ್. ಹಿಡಿಯುವುದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ, ನೂರಕ್ಕೆ 12 ರೂಪಾಯಿ. 12,500ಕ್ಕೆ 1,500 ಆಯಿತು, ಸರಿ. ಮಾಲೀಕರೂ ತಮ್ಮ ಪಾಲು ಬೇರೆಯಾಗಿ ಕಟ್ಟಬೇಕು. ಅದನ್ನೂ ನಿಮ್ಮ ಸಂಬಳದಲ್ಲಿ ಹಿಡಿಯುವಂತಿಲ್ಲ. 1,500 ಇರುವ ಕಡೆ 3,000 ಹಿಡಿದಿದ್ದರೆ ಅಲ್ಲೇ ಕೇಳಿ.

ಇ.ಎಸ್.ಐ. ಕಡಿತ ನೂರಕ್ಕೆ 75 ಪೈಸೆ. 2019ರ ಜುಲೈಯಿಂದ ಇದೇ ದರ. 12,500ಕ್ಕೆ 93 ರೂಪಾಯಿ 75 ಪೈಸೆ ಆಗುತ್ತದೆ. ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸುತ್ತಾರೆ, ಹಾಗಾಗಿ 94. ವೃತ್ತಿ ತೆರಿಗೆ ಇವರಿಗೆ ಬರುವುದಿಲ್ಲ, ಏಕೆಂದರೆ 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಈ ತೆರಿಗೆ ಇಲ್ಲ. ಕಾರ್ಮಿಕ ಕಲ್ಯಾಣ ನಿಧಿಗೆಂದು ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಹಿಡಿಯುತ್ತಾರೆ. ಅದನ್ನು ಕಂಡು ಗಾಬರಿಯಾಗಬೇಡಿ.

ಈಗ ವ್ಯತ್ಯಾಸವನ್ನು ಬಿಡಿಸೋಣ

ಹಾಜರಿ ಬೋನಸ್ 600 ಹೋಯಿತು. ಆದರೆ ಸಂಬಳ ಇಳಿದಾಗ ಕಡಿತಗಳೂ ಇಳಿಯುತ್ತವೆ. ಪಿ.ಎಫ್. 60 ರೂಪಾಯಿ, ಇ.ಎಸ್.ಐ. 8 ರೂಪಾಯಿ ಕಡಿಮೆಯಾಯಿತು. 600ರಲ್ಲಿ 68 ಕಳೆದರೆ 532. ಇಷ್ಟಕ್ಕೆ ಕಾರಣ ಸಿಕ್ಕಿತು. 982ರಲ್ಲಿ 532 ಕಳೆದರೆ ಉಳಿಯುವುದು 450. "ಇತರೆ ಕಡಿತ" ಎಂಬ ಸಾಲಿನಲ್ಲಿರುವುದೂ 450. ಲೆಕ್ಕ ತಾಳೆಯಾಯಿತು. ಕೇಳಬೇಕಾದ ಪ್ರಶ್ನೆ ಈಗ ಒಂದೇ: ಈ 450 ಯಾತಕ್ಕೆ?

ಹೀಗೆ ಬಿಡಿಸಿಕೊಂಡು ಹೋಗುವುದರಿಂದ ಏನು ಲಾಭ? "ನನ್ನ ಸಂಬಳ ಸಾವಿರ ಕಡಿಮೆ ಬಂದಿದೆ" ಎಂದು ಕೇಳಿದ್ದರೆ, ಆಫೀಸಿನವರು ರಜೆ, ಬೋನಸ್ ತೋರಿಸಿ ಮಾತು ಮುಗಿಸುತ್ತಿದ್ದರು. 450 ಹಾಗೇ ಮುಚ್ಚಿಹೋಗುತ್ತಿತ್ತು.

ಅಕ್ಕ ಎರಡೂ ಚೀಟಿ ಹಿಡಿದು ಹೋಗಿ, "ಸರ್, ಬೇರೆಲ್ಲ ಸರಿಯಾಗಿದೆ, ಈ ಒಂದು ಸಾಲು ಯಾತರದ್ದು ಹೇಳಿ" ಎಂದು ಕೇಳಿದರು. ರಿಜಿಸ್ಟರ್ ತೆಗೆದು ನೋಡಿದಾಗ ಅದು ಕಾರ್ಖಾನೆ ಬಸ್ಸಿನ ಹಣ. ಆದರೆ ಅಕ್ಕ ಬಸ್ಸಿಗೆ ಹೋಗುವವರೇ ಅಲ್ಲ. ಟೋಕನ್ ನಂಬರಿನ ಎರಡು ಅಂಕಿ ಅದಲುಬದಲಾಗಿ ಬೇರೊಬ್ಬರ ಬಸ್ ಚಾರ್ಜು ಇವರ ಮೇಲೆ ಬಿದ್ದಿತ್ತು. ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಅದರ ನಕಲಿಗೆ ಸಹಿ ಹಾಕಿಸಿಕೊಂಡರು. ಮುಂದಿನ ತಿಂಗಳ ಚೀಟಿಯಲ್ಲಿ "ಬಾಕಿ 450" ಎಂದು ಹಣ ವಾಪಸ್ ಬಂತು. ಅಂದು ಕೇಳದೆ ಬಿಟ್ಟಿದ್ದರೆ ವರ್ಷಕ್ಕೆ 5,400 ರೂಪಾಯಿ ಹೋಗುತ್ತಿತ್ತು.

ಉತ್ತರ ಬೇರೆ ಬಂದರೆ?

ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಾಲೀಕರು ಸಂಬಳ ಚೀಟಿ ಕೊಡಲೇಬೇಕು. ಬಸ್ಸು, ಕ್ಯಾಂಟೀನಿನಂಥ ಸೌಕರ್ಯಕ್ಕೆ ಹಣ ಹಿಡಿದರೆ ಅದು ಕೊಟ್ಟ ಸೌಕರ್ಯದ ಬೆಲೆಯನ್ನು ಮೀರಬಾರದು. ಅಡ್ವಾನ್ಸ್ ತೀರಿಸಲು ಹಿಡಿದಿದ್ದೇವೆ ಎಂದರೆ, ನೀವು ಪಡೆದ ತಾರೀಕು ಮತ್ತು ಉಳಿದ ಬಾಕಿ ಬರೆಸಿಕೊಳ್ಳಿ.

"ದಂಡ" ಎಂದರೆ ಎರಡು ಮಾತು ಕೇಳಿ. ದಂಡ ಹಾಕುವ ಮೊದಲು ನಿಮ್ಮ ವಿವರಣೆ ಕೇಳಿದ್ದರೇ? ಮೊತ್ತ ಆ ತಿಂಗಳ ಸಂಬಳದ ನೂರಕ್ಕೆ 3ರೊಳಗೆ ಇದೆಯೇ? ಈ ಅಕ್ಕನ ಸಂಬಳಕ್ಕೆ ಆ ಮಿತಿ 375 ರೂಪಾಯಿ. ಹಾಗಾಗಿ 450 ದಂಡವೆಂದು ಹೇಳಿದ್ದರೂ ಅದು ನಿಲ್ಲುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸರಿಹೋಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಮೂರು ವರ್ಷದೊಳಗಿನ ಬಾಕಿಗೆ ಅವಕಾಶವಿದೆ, ಆದರೆ ಕೈಯಲ್ಲಿ ಚೀಟಿ ಇರಬೇಕು.

ಇನ್ನೊಂದು ವಿಷಯ. ಚೀಟಿಯಲ್ಲಿ ಪಿ.ಎಫ್. ಹಿಡಿದ ಮಾತ್ರಕ್ಕೆ ಅದು ನಿಮ್ಮ ಖಾತೆಗೆ ಸೇರಿದೆ ಎಂದಲ್ಲ. ಪಿ.ಎಫ್. ಖಾತೆಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ, ಕೊನೆಯ ಬಾರಿ ಜಮಾ ಆದ ಮೊತ್ತ ಮೆಸೇಜಿನಲ್ಲಿ ಬರುತ್ತದೆ. ಅದನ್ನು ಚೀಟಿಯ ಜೊತೆ ಹೋಲಿಸಿ ನೋಡಿ.

ಸಂಘದ ಸಭೆಯಲ್ಲಿ ಮಾಡುವುದು

1. ಕೆಲಸಕ್ಕೆ ಹೋಗುವ ಸದಸ್ಯೆಯರು ಕೊನೆಯ ಎರಡು ತಿಂಗಳ ಚೀಟಿ ತರಲಿ. ಓದಲು ಬರುವವರು ಬಾರದವರ ಪಕ್ಕ ಕೂರಲಿ.
2. ಹಾಜರಿ ದಿನ, ಸಂಪಾದನೆ, ಕಡಿತ, ಈ ಕ್ರಮದಲ್ಲೇ ಒಂದೊಂದು ಸಾಲಿನ ವ್ಯತ್ಯಾಸ ಬರೆಯಿರಿ.
3. ಕಾರಣ ಗೊತ್ತಿರುವ ಸಾಲಿಗೆ ಗೆರೆ ಎಳೆಯಿರಿ. ಗೆರೆ ಬೀಳದೆ ಉಳಿದ ಸಾಲನ್ನು ಮಾತ್ರ ಆಫೀಸಿನಲ್ಲಿ ಕೇಳಿ.
4. ಮನೆಯಲ್ಲಿ ಒಂದು ಕ್ಯಾಲೆಂಡರಿನಲ್ಲಿ ಕೆಲಸದ ದಿನ, ಓ.ಟಿ. ಗಂಟೆ, ರಜೆ ಗುರುತಿಸಿಡಿ. ಚೀಟಿಯ ಹಾಜರಿಯನ್ನು ತಾಳೆ ನೋಡಲು ನಿಮ್ಮ ಕೈಬರಹವೇ ಆಧಾರ.